ಪುಣೆಗೆ ವರ್ಗಾವಣೆ, ಹೋಗಲು ಸಾಧ್ಯವಿಲ್ಲ: ರಾಜೀನಾಮೆ ಪತ್ರದಲ್ಲಿ ಏನು ಬರೆಯಲಿ?

ಬಸವನಗುಡಿ ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಸೇವೆ ಆರು ವರ್ಷ ಐದು ತಿಂಗಳಾಗಿದೆ. ಹೋದ ವಾರ ಪುಣೆಗೆ ವರ್ಗಾವಣೆ ಆದೇಶ ಬಂತು. ಮುಂದಿನ ತಿಂಗಳ 17ರಂದು ಅಲ್ಲಿನ ಕಚೇರಿಯಲ್ಲಿ ಹಾಜರಾಗಬೇಕಂತೆ.

ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆಯುತ್ತಿದೆ. ಹೆಂಡತಿಗೆ ಇಲ್ಲಿ ಶಾಲೆಯೊಂದರಲ್ಲಿ ಕೆಲಸ, ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಕೂತು ಮಾತಾಡಿ, ಕೆಲಸ ಬಿಡುವುದೆಂದು ನಿರ್ಧರಿಸಿದೆವು. ಆ ವಿಷಯದಲ್ಲಿ ಗೊಂದಲವಿಲ್ಲ, ಗೊಂದಲವಿರುವುದು ಪತ್ರದ ಬಗ್ಗೆ.

ಗೆಳೆಯನೊಬ್ಬ ಕರಡು ಬರೆದುಕೊಟ್ಟಿದ್ದಾನೆ. "ನನ್ನ ಕುಟುಂಬದ ಸ್ಥಿತಿಯನ್ನು ಲೆಕ್ಕಿಸದೆ ಹೊರಡಿಸಿರುವ ಈ ವರ್ಗಾವಣೆ ಆದೇಶವನ್ನು ನಾನು ತಿರಸ್ಕರಿಸುತ್ತೇನೆ. ಬೇರೆ ದಾರಿಯಿಲ್ಲದೆ ತಕ್ಷಣದಿಂದ ರಾಜೀನಾಮೆ ನೀಡುತ್ತಿದ್ದೇನೆ" ಎಂದು ಅದರಲ್ಲಿದೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಅಮ್ಮ ಮೊದಲ ಸಲ ಆಸ್ಪತ್ರೆ ಸೇರಿದಾಗ ಇದೇ ಕಂಪನಿ ಕೇಳಿದಷ್ಟು ರಜೆ ಕೊಟ್ಟಿತ್ತು. ಇಲ್ಲಿನ ಲೆಕ್ಕಪತ್ರ ವಿಭಾಗವನ್ನೇ ಪುಣೆಗೆ ಸೇರಿಸುತ್ತಿದ್ದಾರೆ, ನನ್ನ ಜೊತೆ ಇನ್ನೂ ಮೂವರಿಗೆ ಆದೇಶ ಬಂದಿದೆ. ನನ್ನೊಬ್ಬನ ಮೇಲೆ ಹಗೆ ಸಾಧಿಸಿದ್ದಾರೆಂದು ಹೇಗೆ ಬರೆಯಲಿ?

ನೋಟಿಸ್ ಅವಧಿ 60 ದಿನ. ದುಡ್ಡು ಕಟ್ಟಿ ಬೇಗ ಬಿಡಿಸಿಕೊಂಡುಬಿಡು ಎಂದು ಸಹೋದ್ಯೋಗಿ ಹೇಳುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ವಿಜಯನಗರದ ವಿನಯ

ರಾಜೀನಾಮೆ ಯಾಕೆ ಸರ್? ನಿಮ್ಮ ಒಪ್ಪಿಗೆ ಇಲ್ಲದೆ ಬೇರೆ ರಾಜ್ಯಕ್ಕೆ ವರ್ಗಾಯಿಸುವುದೇ ಕಾನೂನುಬಾಹಿರ. ದುರುದ್ದೇಶದ ವರ್ಗಾವಣೆಯನ್ನು ಅನುಚಿತ ಕಾರ್ಮಿಕ ಪದ್ಧತಿ ಎಂದು ಕಾನೂನಿನಲ್ಲೇ ಬರೆದಿದೆ. ಕಾರ್ಮಿಕ ಇಲಾಖೆಗೆ ಒಂದು ದೂರು ಕೊಡಿ, ಆದೇಶ ತಾನಾಗಿ ಹಿಂದಕ್ಕೆ ಹೋಗುತ್ತದೆ.

ಹೊಸಹಳ್ಳಿ ಮೇಷ್ಟ್ರು

ನಮ್ಮ ಇಲಾಖೆಯಲ್ಲಿ ಕೌನ್ಸೆಲಿಂಗ್ ಇರುತ್ತದೆ. ಪತಿ-ಪತ್ನಿ ಇಬ್ಬರೂ ನೌಕರರಾದರೆ ಆ ಪ್ರಕರಣಕ್ಕೆ ಆದ್ಯತೆ ಇದೆ, ತೀವ್ರ ಕಾಯಿಲೆಯವರಿಗೂ ಇದೆ. ನಿಮ್ಮ ತಾಯಿಯವರ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸಿ ಆದ್ಯತಾ ಪಟ್ಟಿಗೆ ಅರ್ಜಿ ಹಾಕಿ. ರಾಜೀನಾಮೆ ಕೊಡಬೇಡಿ, ಪಿಂಚಣಿ ಹೋಗುತ್ತದೆ.

ಬಸವನಗುಡಿ ಲೆಕ್ಕಿಗ

ಮೇಷ್ಟ್ರೇ, ನನ್ನದು ಖಾಸಗಿ ಕಂಪನಿ. ಕೌನ್ಸೆಲಿಂಗ್ ಪದ್ಧತಿ ಇಲ್ಲ.

ಹೊಸಹಳ್ಳಿ ಮೇಷ್ಟ್ರು

ಹಾಗಿದ್ದರೆ ನನಗೆ ಅದರ ಅನುಭವವಿಲ್ಲ. ತಾಯಿಯವರು ಬೇಗ ಚೇತರಿಸಿಕೊಳ್ಳಲಿ.

ರಾಜಾಜಿನಗರ ರಾಯರು

ಪೀಣ್ಯದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ಇಂಥ ಪತ್ರಗಳು ಮೇಜಿನ ಆ ಬದಿಯಲ್ಲಿ ಏನಾಗುತ್ತವೆ ಎಂಬುದು ಗೊತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನೇಮಕಾತಿ ಪತ್ರ ತೆಗೆದು ನೋಡಿ. "ಕಂಪನಿಯ ಯಾವುದೇ ಶಾಖೆಗೆ ವರ್ಗಾಯಿಸಬಹುದು" ಎಂಬ ಸಾಲು ಬಹುತೇಕ ಇದ್ದೇ ಇರುತ್ತದೆ. ಅದರ ಕೆಳಗೆ ನಿಮ್ಮ ಸಹಿಯಿದ್ದರೆ, ಒಪ್ಪಿಗೆಯಿಲ್ಲದ ವರ್ಗಾವಣೆ ಕಾನೂನುಬಾಹಿರ ಎಂಬ ವಿನಯ ಅವರ ಮಾತು ನಿಲ್ಲುವುದಿಲ್ಲ, ಒಪ್ಪಿಗೆಯನ್ನು ಅಂದೇ ಕೊಟ್ಟಾಗಿದೆ. ದುರುದ್ದೇಶದ ವಿಷಯದಲ್ಲಿ ಅವರು ಹೇಳಿದ್ದು ಸರಿ, ಆದರೆ ಅದನ್ನು ನೌಕರನೇ ಸಾಬೀತುಪಡಿಸಬೇಕು. ನಾಲ್ವರಿಗೆ ಒಟ್ಟಿಗೆ ಆದೇಶ ಬಂದಿದೆ, ವಿಭಾಗವೇ ಸ್ಥಳಾಂತರವಾಗುತ್ತಿದೆ ಎಂದು ನೀವೇ ಹೇಳುತ್ತಿರುವಾಗ ದುರುದ್ದೇಶವನ್ನು ಎಲ್ಲಿಂದ ತೋರಿಸುತ್ತೀರಿ?

ಇನ್ನು ಗೆಳೆಯರ ಕರಡು. "ತಿರಸ್ಕರಿಸುತ್ತೇನೆ" ಎಂದು ಬರೆದರೆ ನ್ಯಾಯಬದ್ಧ ಆದೇಶವನ್ನು ಪಾಲಿಸಲಿಲ್ಲ ಎಂಬುದನ್ನು ನೀವೇ ಲಿಖಿತವಾಗಿ ಒಪ್ಪಿಕೊಂಡಂತೆ. ಅದು ದುರ್ನಡತೆಯ ಪಟ್ಟಿಯಲ್ಲಿ ಬರುತ್ತದೆ. ರಾಜೀನಾಮೆ ಅಂಗೀಕರಿಸುವ ಬದಲು ಕಾರಣ ಕೇಳುವ ನೋಟಿಸ್ ಕೊಡೋಣ ಎಂದು ಯಾರಾದರೂ ಬಿಸಿರಕ್ತದ ಅಧಿಕಾರಿಗೆ ಅನ್ನಿಸಿದರೆ, ಅದಕ್ಕೆ ಬೇಕಾದ ಆಧಾರವನ್ನು ನೀವೇ ಒದಗಿಸಿರುತ್ತೀರಿ. "ತಕ್ಷಣದಿಂದ" ಎಂಬುದು ಎರಡನೆಯ ತಪ್ಪು. ನೋಟಿಸ್ ಅವಧಿ ಇರುವ ಕಡೆ ತಕ್ಷಣದಿಂದ ಹೋಗುತ್ತೇನೆ ಎಂದರೆ ಅಷ್ಟೂ ದಿನಗಳ ಹಣ ವಸೂಲಿಗೆ ಬರುತ್ತದೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ಆ ಕರಡಿನಲ್ಲಿ ಇಲ್ಲವೇ ಇಲ್ಲ: ನೋಟಿಸ್ ಅವಧಿಯನ್ನು ಎಲ್ಲಿ ಪೂರೈಸುತ್ತೀರಿ? 17ಕ್ಕೆ ಪುಣೆಯಲ್ಲಿ ಹಾಜರಾಗಬೇಕು, 60 ದಿನ ಮುಗಿಯುವುದು ಅದಾದ ಎಷ್ಟೋ ದಿನಕ್ಕೆ. ನಡುವಿನ ದಿನಗಳಲ್ಲಿ ನೀವು ಯಾವ ಕಚೇರಿಯ ನೌಕರರು?

ಮಲ್ಲೇಶ್ವರದ ವಕೀಲೆ

ರಾಯರು ಕೊನೆಯಲ್ಲಿ ಎತ್ತಿದ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುವುದು. ಕಾರ್ಮಿಕ ಮೊಕದ್ದಮೆಗಳನ್ನು ನಡೆಸುವವಳಾಗಿ ಒತ್ತಿ ಹೇಳುತ್ತೇನೆ: ರಾಜೀನಾಮೆ ಕೊಟ್ಟ ಮಾತ್ರಕ್ಕೆ ವರ್ಗಾವಣೆ ಆದೇಶ ನಿಲ್ಲುವುದಿಲ್ಲ. ಕಂಪನಿ ಅದನ್ನು ಬದಲಿಸುವವರೆಗೆ ಅದು ಜಾರಿಯಲ್ಲೇ ಇರುತ್ತದೆ. "ರಾಜೀನಾಮೆ ಕೊಟ್ಟಿದ್ದೇನಲ್ಲ" ಎಂದು ನೀವು 17ರಂದು ಮನೆಯಲ್ಲಿದ್ದರೆ, ಕಡತದಲ್ಲಿ ಅದು ಅನಧಿಕೃತ ಗೈರುಹಾಜರಿ. ವಾರ ಕಳೆದ ಮೇಲೆ "ಕೆಲಸ ತೊರೆದು ಹೋಗಿದ್ದಾರೆ" ಎಂಬ ಪತ್ರ ಮನೆ ಬಾಗಿಲಿಗೆ ಬರುತ್ತದೆ. ಬಿಡುಗಡೆ ಪತ್ರ ಅಲ್ಲಿಗೆ ಕಗ್ಗಂಟಾಗುತ್ತದೆ.

ಆದ್ದರಿಂದ 17ಕ್ಕೆ ಮೊದಲೇ, ಸಾಧ್ಯವಾದರೆ ಈ ವಾರವೇ, ರಾಜೀನಾಮೆ ಸಲ್ಲಿಸಿ. ನೋಟಿಸ್ ಅವಧಿಯನ್ನು ಬೆಂಗಳೂರಿನಲ್ಲೇ ಪೂರೈಸಲು ಅನುಮತಿ ಕೊಡಿ ಎಂದು ಅದೇ ಪತ್ರದಲ್ಲಿ ಕೇಳಿ. ಉತ್ತರ ಬರುವವರೆಗೆ ಇಲ್ಲಿನ ಕಚೇರಿಗೆ ಹೋಗುತ್ತಿರಿ. 17ರೊಳಗೆ ಉತ್ತರ ಬಾರದಿದ್ದರೆ ರಜೆಗೆ ಅರ್ಜಿ ಹಾಕಿ, ಬೆಂಗಳೂರಿನಲ್ಲಿ ಕೆಲಸ ಮಾಡಲು ಸಿದ್ಧನಿದ್ದೇನೆ ಎಂದು ಆ ದಿನವೇ ಒಂದು ಇಮೇಲ್ ಕಳಿಸಿ. ಎಲ್ಲದರ ಪ್ರತಿಯನ್ನೂ ನಿಮ್ಮ ಸ್ವಂತ ಇಮೇಲ್‌ಗೆ ಹಾಕಿಕೊಳ್ಳಿ. ಕಚೇರಿಯ ಇಮೇಲ್ ಬಂದ್ ಆದ ಮೇಲೆ ಏನೂ ಕೈಗೆ ಸಿಗುವುದಿಲ್ಲ.

ವಿಜಯನಗರದ ವಿನಯ

ಮೇಡಂ, ನೇಮಕಾತಿ ಪತ್ರದ ಸಾಲಿನ ಬಗ್ಗೆ ಒಪ್ಪುತ್ತೇನೆ. ಆದರೆ "ಕೌಟುಂಬಿಕ ಕಾರಣ" ಎಂದು ಬರೆದು ಹೋದರೆ ಕಂಪನಿಗೆ ಎಷ್ಟು ಅನುಕೂಲ ನೋಡಿ. ಕೆಲಸದಿಂದ ತೆಗೆದರೆ ಪರಿಹಾರ ಕೊಡಬೇಕಾಗುತ್ತದೆ. ವರ್ಗಾವಣೆ ಮಾಡಿದರೆ ಜನ ತಾವಾಗಿಯೇ ಬಿಟ್ಟು ಹೋಗುತ್ತಾರೆ, ಖರ್ಚಿಲ್ಲ. ಜನರನ್ನು ಕಡಿಮೆ ಮಾಡುವ ದಾರಿಯೇ ಇದು. ಎಲ್ಲರೂ ಸೌಜನ್ಯದ ಪತ್ರ ಬರೆದು ಹೊರಟರೆ ಇದನ್ನು ಕೇಳುವವರು ಯಾರು?

ಮಲ್ಲೇಶ್ವರದ ವಕೀಲೆ

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಕೆಲವು ಕಡೆ ನೀವು ಹೇಳಿದ ಹಾಗೆಯೇ ನಡೆಯುತ್ತದೆ. ಸ್ವಂತ ಕಾರಣಕ್ಕೆ ಬಿಡುತ್ತಿದ್ದೇನೆ ಎಂದು ಸಹಿ ಹಾಕಿದವರು ಆರು ತಿಂಗಳ ನಂತರ ಬಂದು, "ಬಲವಂತದಿಂದ ಬರೆಸಿಕೊಂಡರು" ಎಂದು ಮೊಕದ್ದಮೆ ಹೂಡಲು ಕೇಳುತ್ತಾರೆ. ಆಗ ಎದುರು ಪಕ್ಷದ ವಕೀಲರು ಮೊದಲು ಎತ್ತಿ ತೋರಿಸುವುದು ಆ ಪತ್ರವನ್ನೇ. ಹೀಗಾಗಿ ಹೋರಾಡುವ ಮನಸ್ಸಿರುವವರು ಇಂಥ ಪತ್ರ ಬರೆಯಬಾರದು. ಅಷ್ಟೇ ಅಲ್ಲ, ರಾಜೀನಾಮೆಯನ್ನೇ ಕೊಡಬಾರದು. ಆಕ್ಷೇಪಣೆ ಸಲ್ಲಿಸಿ, ಆದೇಶವನ್ನು ಪ್ರಶ್ನಿಸಬೇಕು.

ಎರಡೂ ದೋಣಿಯಲ್ಲಿ ಕಾಲಿಡುವ ಪತ್ರವೇ ಎಲ್ಲಕ್ಕಿಂತ ಅಪಾಯ. ಬೈದು ಬಿಟ್ಟು ಹೋದವರಿಗೆ ಮೊಕದ್ದಮೆಯೂ ಗಟ್ಟಿಯಾಗಿರುವುದಿಲ್ಲ, ಬಿಡುಗಡೆಯೂ ಸಲೀಸಾಗಿರುವುದಿಲ್ಲ. ಬಸವನಗುಡಿಯವರು ಹೋರಾಡಲು ಹೊರಟಿಲ್ಲ. ಅವರಿಗೆ ಕಂಪನಿಯ ಮೇಲೆ ದೂರೂ ಇಲ್ಲ. ಇರುವುದನ್ನು ಇದ್ದ ಹಾಗೆ ಬರೆಯುತ್ತಿದ್ದಾರೆ.

ವಿಜಯನಗರದ ವಿನಯ

ಅವರ ಮಟ್ಟಿಗೆ ಸರಿ ಇರಬಹುದು. ಆದರೂ ಅವರ ಜೊತೆಗಿನ ಮೂವರಲ್ಲಿ ಯಾರಾದರೂ ಹೋರಾಡಬೇಕೆಂದರೆ ಇವರ ಪತ್ರ ಅವರಿಗೆ ಅಡ್ಡ ಬರುತ್ತದೆ. "ನೋಡಿ, ಒಬ್ಬರು ಸಂತೋಷದಿಂದಲೇ ಹೋದರು" ಎನ್ನುತ್ತಾರೆ.

ಮಲ್ಲೇಶ್ವರದ ವಕೀಲೆ

ಒಬ್ಬರ ರಾಜೀನಾಮೆ ಇನ್ನೊಬ್ಬರ ಹಕ್ಕನ್ನು ಕಸಿಯುವುದಿಲ್ಲ. ಆದರೆ ನಾಲ್ವರೂ ಒಟ್ಟಾಗಿ ಮನವಿ ಸಲ್ಲಿಸಿದ್ದರೆ ಅದರ ತೂಕವೇ ಬೇರೆ ಇರುತ್ತಿತ್ತು ಎಂಬುದನ್ನು ಒಪ್ಪುತ್ತೇನೆ.

ಬ್ಯಾಂಕಿನವಳು

ನಾವೆಲ್ಲ ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರು. ನಾನು ಕೊಲ್ಕತ್ತಾದಲ್ಲಿದ್ದೆ, ಅತ್ತೆ ಇಲ್ಲಿ ಒಬ್ಬರೇ ಇದ್ದರು. ಪುಣೆಯಲ್ಲೂ ಡಯಾಲಿಸಿಸ್ ಕೇಂದ್ರಗಳಿವೆ ಸರ್. ತಾಯಿಯವರನ್ನು ಕರೆದುಕೊಂಡು ಹೋಗುವ ಯೋಚನೆ ಮಾಡಿದಿರಾ? ಆರು ವರ್ಷದ ಕೆಲಸ ಬಿಡುವುದು ಸಣ್ಣ ಮಾತಲ್ಲ.

ಜಯನಗರ ನರ್ಸ್

ಅಕ್ಕಾ, ಡಯಾಲಿಸಿಸ್ ಘಟಕದಲ್ಲಿ ಕೆಲಸ ಮಾಡುವವಳು ನಾನು, ಅದಕ್ಕೇ ಮಧ್ಯೆ ಬರುತ್ತಿದ್ದೇನೆ. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ, ವಾರಕ್ಕೆ ಮೂರು ದಿನ, ಹೋಗಿ ಬರುವ ಹೊತ್ತು ಬೇರೆ. ಹೊಸ ಕೇಂದ್ರ ಸೇರಬೇಕೆಂದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳ ವರದಿ ಕೇಳುತ್ತಾರೆ. ಹಿಂದಿನ ಕೇಂದ್ರದ ದಾಖಲೆ ಬೇಕು, ಸರದಿಯೂ ಖಾಲಿ ಇರಬೇಕು. ಇಷ್ಟನ್ನೂ ಹೊಂದಿಸಿಕೊಳ್ಳಬಹುದು. ಆದರೆ ಡಯಾಲಿಸಿಸ್ ಸೂಜಿ ಹಾಕಲೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾ ಕೈಯಲ್ಲಿರುವ ವಯಸ್ಸಾದವರಿಗೆ, ಪ್ರತಿ ಸಲ ಸೂಜಿ ಹಾಕುವ ಕೈಗಳು ಪರಿಚಯವಿದ್ದರೆ ಎಷ್ಟು ಧೈರ್ಯವಿರುತ್ತದೆ ಎಂಬುದನ್ನು ನೋಡಿದವರಿಗೆ ಗೊತ್ತು. ರಕ್ತದೊತ್ತಡ ಇಳಿದು ತಲೆ ತಿರುಗುತ್ತಿದೆ ಎಂದು ಅವರು ಹೇಳಬೇಕು, ಅದು ಎದುರಿಗಿದ್ದವರಿಗೆ ಅರ್ಥವಾಗಬೇಕು. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಅಜ್ಜಿಯಂದಿರು ಅಲ್ಲಿ ಏನು ಮಾಡುತ್ತಾರೆ?

ಬಸವನಗುಡಿ ಲೆಕ್ಕಿಗ

ಅಮ್ಮನ ವಿಷಯದಲ್ಲಿ ನರ್ಸ್ ಮೇಡಂ ಹೇಳಿದ್ದೇ ಸತ್ಯ. ಅವರಿಗೆ ಕನ್ನಡ ಮಾತ್ರ ಬರುತ್ತದೆ. ಬ್ಯಾಂಕಿನ ಮೇಡಂ ಕೇಳಿದ್ದರಲ್ಲೂ ತಪ್ಪಿಲ್ಲ, ಆ ದಾರಿಯನ್ನೂ ಯೋಚಿಸಿದೆವು.

ನೇಮಕಾತಿ ಪತ್ರ ತೆಗೆದು ನೋಡಿದೆ. ಭಾರತದಲ್ಲಿ ಎಲ್ಲಿಗಾದರೂ ವರ್ಗಾಯಿಸಬಹುದು ಎಂದಿದೆ, ಸಹಿಯೂ ಇದೆ.

ರಾಜಾಜಿನಗರ ರಾಯರು

ಹಾಗಾದರೆ ಪತ್ರಕ್ಕೆ ಬರೋಣ. ಅದಕ್ಕೂ ಮೊದಲು ಒಂದು ಹೆಜ್ಜೆ ಇದೆ. ನಾಳೆಯೇ ನಿಮ್ಮ ಮೇಲಧಿಕಾರಿಯ ಹತ್ತಿರ ಹತ್ತು ನಿಮಿಷ ಕೂತು, "ನನ್ನಿಂದ ಪುಣೆಗೆ ಬರಲಾಗುವುದಿಲ್ಲ, ನೋಟಿಸ್ ಅವಧಿಯನ್ನು ಇಲ್ಲೇ ಮುಗಿಸಿ ಲೆಕ್ಕಗಳನ್ನೆಲ್ಲ ಹಸ್ತಾಂತರಿಸುತ್ತೇನೆ" ಎಂದು ಬಾಯಿಮಾತಿನಲ್ಲಿ ಹೇಳಿ. ಇಲ್ಲಿನ ಪುಸ್ತಕಗಳು ಪುಣೆಗೆ ಹೋಗಬೇಕಾದರೆ ಅವುಗಳನ್ನು ಬಲ್ಲ ಒಬ್ಬರು ಇಲ್ಲಿ ಬೇಕೇ ಬೇಕು. ನಿಮ್ಮ ಮಾತಿಗೆ ಬೆಲೆ ಇರುವುದು ಅಲ್ಲಿಯೇ. ಮೇಲಧಿಕಾರಿ ತಲೆಯಾಡಿಸಿದ ಮೇಲೆ ಪತ್ರ ಕೊಟ್ಟರೆ, ಸಿಬ್ಬಂದಿ ವಿಭಾಗದವರು ಅವರನ್ನು ಕೇಳಿದಾಗ ಉತ್ತರ ಸಿದ್ಧವಾಗಿರುತ್ತದೆ.

ಇನ್ನೊಂದು ಎಚ್ಚರಿಕೆ. ಸ್ಥಳಾಂತರದ ಮುಂಗಡ ಹಣ, ಪ್ರಯಾಣದ ಟಿಕೆಟ್, ಪುಣೆಯಲ್ಲಿ ತಾತ್ಕಾಲಿಕ ವಸತಿ, ಇವುಗಳಲ್ಲಿ ಯಾವುದನ್ನೂ ತೆಗೆದುಕೊಳ್ಳಬೇಡಿ. ತೆಗೆದುಕೊಂಡರೆ ಆದೇಶವನ್ನು ಒಪ್ಪಿದಂತಾಗುತ್ತದೆ, ಹಣವನ್ನು ಕೊನೆಯ ಲೆಕ್ಕದಲ್ಲಿ ಕಡಿಯುತ್ತಾರೆ.

ಪತ್ರವನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಕೊಡುವುದಾದರೂ ಸಾರ ಇಷ್ಟೇ ಇರಲಿ:

"ಇಂಥ ದಿನಾಂಕದ ವರ್ಗಾವಣೆ ಆದೇಶ ತಲುಪಿದೆ. ತಾಯಿಯವರ ನಿರಂತರ ಚಿಕಿತ್ಸೆ ಮತ್ತು ಕುಟುಂಬದ ಇತರ ಜವಾಬ್ದಾರಿಗಳಿಂದಾಗಿ ನಾನು ಬೆಂಗಳೂರು ಬಿಟ್ಟು ನೆಲೆಸುವ ಸ್ಥಿತಿಯಲ್ಲಿಲ್ಲ. ಆದ್ದರಿಂದ ನನ್ನ ಹುದ್ದೆಗೆ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೇಮಕಾತಿ ಪತ್ರದಂತೆ 60 ದಿನಗಳ ನೋಟಿಸ್ ಅವಧಿಯನ್ನು ಪೂರೈಸುತ್ತೇನೆ, ನನ್ನ ಕೊನೆಯ ಕೆಲಸದ ದಿನ ಇಂಥದ್ದು. ಲೆಕ್ಕಗಳ ಹಸ್ತಾಂತರ ಇಲ್ಲಿಯೇ ಆಗಬೇಕಿರುವುದರಿಂದ ಈ ಅವಧಿಯನ್ನು ಬೆಂಗಳೂರು ಕಚೇರಿಯಲ್ಲಿ ಪೂರೈಸಲು ಅನುಮತಿ ನೀಡಬೇಕೆಂದು ಕೋರುತ್ತೇನೆ. ರಾಜೀನಾಮೆಯ ಅಂಗೀಕಾರವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಕೊನೆಗೆ ಕೃತಜ್ಞತೆಯ ಒಂದು ಸಾಲು. ಅಮ್ಮನ ಕಾಯಿಲೆಯ ಚರಿತ್ರೆ, ಮಗಳ ಪರೀಕ್ಷೆ, ಹೆಂಡತಿಯ ಕೆಲಸ ಯಾವುದೂ ಬೇಡ. ವಿವರ ಕೊಟ್ಟಷ್ಟೂ ಅದಕ್ಕೊಂದು ಪರಿಹಾರ ಹೇಳಿ ಮಾತು ಬೆಳೆಸುತ್ತಾರೆ.

ಮಲ್ಲೇಶ್ವರದ ವಕೀಲೆ

ಕರಡು ಚೆನ್ನಾಗಿದೆ ರಾಯರೇ. ಆದರೆ ವರ್ಗಾವಣೆ ಆದೇಶವನ್ನು ಪತ್ರದಲ್ಲಿ ಹೆಸರಿಸಲೇಬೇಕೇ? ಕೌಟುಂಬಿಕ ಕಾರಣ ಎಂದಷ್ಟೇ ಬರೆಯುವವರೂ ಇದ್ದಾರೆ.

ರಾಜಾಜಿನಗರ ರಾಯರು

ಹೆಸರಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ ಮೇಡಂ. ಆದೇಶ ಬಂದು ವಾರದೊಳಗೆ ರಾಜೀನಾಮೆ ಕೊಟ್ಟು, ಆದೇಶದ ಮಾತೇ ಎತ್ತದಿದ್ದರೆ ಏನೋ ಮುಚ್ಚಿಟ್ಟಂತೆ ಕಾಣುತ್ತದೆ. ಮುಂದಿನ ಕಂಪನಿಯವರು ವಿಚಾರಿಸಿದಾಗ ಇಲ್ಲಿಯವರು "ವರ್ಗಾವಣೆಗೆ ಹೋಗಲಿಲ್ಲ" ಎನ್ನುತ್ತಾರೆ, ಇವರು "ಮನೆಯ ಕಾರಣ" ಎಂದಿರುತ್ತಾರೆ. ಎರಡು ಬೇರೆ ಕತೆಗಳಾದವು. ಪತ್ರದಲ್ಲಿ, ಹೊರಹೋಗುವಾಗಿನ ಸಂದರ್ಶನದಲ್ಲಿ, ಹೊಸ ಕಡೆಯ ಸಂದರ್ಶನದಲ್ಲಿ ಮೂರೂ ಕಡೆ ಒಂದೇ ಮಾತು ಇರಬೇಕು.

ಮಲ್ಲೇಶ್ವರದ ವಕೀಲೆ

ಒಪ್ಪಿದೆ. ಇನ್ನೊಂದು ಕಾರಣಕ್ಕೂ ಅದು ಒಳ್ಳೆಯದು: ಆದೇಶವನ್ನು ಅವರು ಹಿಂದಕ್ಕೆ ಪಡೆದರೆ ನೀವೂ ರಾಜೀನಾಮೆ ಹಿಂಪಡೆಯಲು ದಾರಿ ಇರುತ್ತದೆ. ಮುಂದಿನ ದಿನಾಂಕದಿಂದ ಜಾರಿಗೆ ಬರುವ ರಾಜೀನಾಮೆಯನ್ನು ಆ ದಿನಾಂಕಕ್ಕೆ ಮೊದಲು ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1978ರ ಗೋಪಾಲಚಂದ್ರ ಮಿಶ್ರಾ ಪ್ರಕರಣದಲ್ಲಿ ಹೇಳಿದೆ. ಅದು ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ರಾಜೀನಾಮೆಯ ಪ್ರಕರಣ. ಖಾಸಗಿ ನೌಕರಿಯಲ್ಲಿ ಒಪ್ಪಂದದ ಷರತ್ತುಗಳನ್ನೂ ನೋಡಬೇಕಾಗುತ್ತದೆ, ಆದ್ದರಿಂದ ಇದನ್ನೇ ನೆಚ್ಚಿಕೊಂಡು ಸುಮ್ಮನೆ ಬೆದರಿಸಲು ರಾಜೀನಾಮೆ ಕೊಡಬೇಡಿ.

ಯಲಹಂಕ ಎಂಜಿನಿಯರ್

60 ದಿನ ಯಾಕೆ ಕೂರಬೇಕು? ನೋಟಿಸ್ ಹಣ ಕಟ್ಟಿ ಮರುದಿನವೇ ಹೊರಡಿ. ನಾನು ಹಾಗೆಯೇ ಮಾಡಿದೆ, ಮನಸ್ಸು ಹಗುರವಾಯಿತು. ಆಗ ನನಗೆ ಹೊರವರ್ತುಲ ರಸ್ತೆಯಲ್ಲಿ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹೋಗುತ್ತಿತ್ತು. ಈಗಿನ ಕಚೇರಿ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ.

ಬ್ಯಾಂಕಿನವಳು

ಎರಡು ಗಂಟೆಯೇ? ಸಿಲ್ಕ್ ಬೋರ್ಡ್ ಕಡೆಯಿಂದ ಬರುತ್ತಿದ್ದಿರಾ?

ಯಲಹಂಕ ಎಂಜಿನಿಯರ್

ಹೌದು ಮೇಡಂ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುತ್ತಿದ್ದೆ. ಆ ಕಾಲದಲ್ಲಿ ಮಗು ಎದ್ದಿದ್ದನ್ನು ನೋಡಿದ್ದು ಭಾನುವಾರ ಮಾತ್ರ.

ರಾಜಾಜಿನಗರ ರಾಯರು

ಯಲಹಂಕದವರೇ, ನಿಮಗೆ ಸರಿಹೊಂದಿದ್ದು ಇವರಿಗೆ ನಷ್ಟ. ಬಸವನಗುಡಿಯವರೇ, ನಿಮ್ಮ ಗ್ರಾಚ್ಯುಟಿ ಲೆಕ್ಕ ಒಮ್ಮೆ ನೋಡಿಕೊಳ್ಳಿ. ಐದು ವರ್ಷ ದಾಟಿರುವುದರಿಂದ ನೀವಾಗಿಯೇ ರಾಜೀನಾಮೆ ಕೊಟ್ಟರೂ ಅದು ನಿಮ್ಮ ಹಕ್ಕು. ವರ್ಷ ಎಣಿಸುವಾಗ ಆರು ತಿಂಗಳು ಮೀರಿದ ಭಾಗವನ್ನು ಪೂರ್ತಿ ವರ್ಷವೆಂದು ಹಿಡಿಯುತ್ತಾರೆ, ಅದಕ್ಕಿಂತ ಕಡಿಮೆಯಿದ್ದರೆ ಬಿಟ್ಟುಬಿಡುತ್ತಾರೆ. ಈಗ ನಿಮ್ಮದು ಆರು ವರ್ಷ ಐದು ತಿಂಗಳು. ಇಂದೇ ಹಣ ಕಟ್ಟಿ ಹೊರಬಿದ್ದರೆ ಆರು ವರ್ಷದ ಲೆಕ್ಕ. 60 ದಿನ ಕೆಲಸ ಮಾಡಿ ಹೋದರೆ ಆರು ವರ್ಷ ಏಳು ತಿಂಗಳು, ಅಂದರೆ ಏಳು ವರ್ಷದ ಲೆಕ್ಕ. ಮೂಲ ವೇತನ ಎಷ್ಟು?

ಬಸವನಗುಡಿ ಲೆಕ್ಕಿಗ

ಮೂಲ ವೇತನ 42,000. ಲೆಕ್ಕಿಗನಾಗಿದ್ದೂ ಈ ಕಡೆಗೆ ಗಮನ ಹೋಗಿರಲಿಲ್ಲ. ಈಗ ಹಾಕಿ ನೋಡಿದೆ. 42,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿದರೆ ವರ್ಷಕ್ಕೆ 24,231 ರೂಪಾಯಿ. ಆರು ವರ್ಷಕ್ಕೆ 1,45,385, ಏಳು ವರ್ಷಕ್ಕೆ 1,69,615. ಬೇಗ ಹೋದರೆ ಈ 24 ಸಾವಿರವೂ ಇಲ್ಲ, ಮೇಲಿಂದ ನೋಟಿಸ್ ಹಣವನ್ನೂ ಕಟ್ಟಬೇಕು.

ಮಲ್ಲೇಶ್ವರದ ವಕೀಲೆ

ಮೂಲ ವೇತನ ನಿಮ್ಮ ಒಟ್ಟು ಸಂಬಳದ ಅರ್ಧಕ್ಕಿಂತ ಕಡಿಮೆಯೇ? ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೆ ಸೇರಿಸಬೇಕು. ಹಾಗಿದ್ದರೆ ನಿಮ್ಮ ಮೊತ್ತ ಇನ್ನೂ ಮೇಲೆ ಹೋಗಬಹುದು. ಗ್ರಾಚ್ಯುಟಿಯನ್ನು ಹೇಗೆ ಲೆಕ್ಕ ಹಾಕಿದ್ದಾರೆ ಎಂಬ ಹಾಳೆಯನ್ನು ಕೇಳಿ ಪಡೆಯಿರಿ. ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಬರಬೇಕು ಎಂದೂ ಆ ಸಂಹಿತೆಗಳಲ್ಲಿದೆ. ಗ್ರಾಚ್ಯುಟಿಗೆ 30 ದಿನ.

ವಿಜಯನಗರದ ವಿನಯ

ಎರಡು ದಿನದಲ್ಲಿ ಯಾರೂ ಕೊಡುತ್ತಿಲ್ಲ ಮೇಡಂ. ನನ್ನ ತಮ್ಮನಿಗೆ 45 ದಿನ ಆದ ಮೇಲೆ ಕೊಟ್ಟರು.

ಮಲ್ಲೇಶ್ವರದ ವಕೀಲೆ

ಕೊಡಬೇಕು ಎಂದು ಹೇಳಿದೆ, ಕೊಡುತ್ತಿದ್ದಾರೆ ಎಂದು ಹೇಳಲಿಲ್ಲ. ನಿಮ್ಮ ತಮ್ಮ ಬರೆದು ಕೇಳಿದ್ದರೇ?

ವಿಜಯನಗರದ ವಿನಯ

ಇಲ್ಲ, ಫೋನ್ ಮಾಡುತ್ತಿದ್ದ.

ಕೆಂಗೇರಿ ಗೃಹಿಣಿ

ಒಂದು ವಿಷಯ ಯಾರೂ ಹೇಳಲಿಲ್ಲ. ನಿಮ್ಮ ಕಂಪನಿಯ ಗುಂಪು ಆರೋಗ್ಯ ವಿಮೆಯಲ್ಲಿ ತಾಯಿಯವರ ಹೆಸರಿದೆಯೇ? ಯಜಮಾನರು ಕೆಲಸ ಬಿಟ್ಟಾಗ ಕೊನೆಯ ದಿನಕ್ಕೇ ವಿಮೆಯೂ ಮುಗಿಯಿತು. ನಮ್ಮ ಮಾವನವರ ಕಣ್ಣಿನ ಶಸ್ತ್ರಚಿಕಿತ್ಸೆ ಅದಾದ ಮುಂದಿನ ವಾರ ಇತ್ತು, ಪೂರ್ತಿ ಕೈಯಿಂದ ಕಟ್ಟಿದೆವು.

ಬಸವನಗುಡಿ ಲೆಕ್ಕಿಗ

ಇದೆ ಮೇಡಂ. ಅಮ್ಮನ ಡಯಾಲಿಸಿಸ್ ಖರ್ಚಿನ ದೊಡ್ಡ ಭಾಗ ಅದರಿಂದಲೇ ಬರುತ್ತಿದೆ. ನೀವು ಹೇಳಿದ್ದು ಓದಿ ಎದೆ ಧಸಕ್ಕೆಂದಿತು. ಕೊನೆಯ ದಿನದ ನಂತರ ಏನು ದಾರಿ?

ಜಯನಗರ ನರ್ಸ್

ನಮ್ಮ ಘಟಕದಲ್ಲಿ ಕೆಲವು ಮನೆಯವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡಿದ್ದಾರೆ. ಹಾಗೆ ಮಾಡಿಕೊಳ್ಳಲು ನಿಯಮದಲ್ಲಿ ಅವಕಾಶವಿದೆಯಂತೆ. ಗುಂಪು ವಿಮೆ ಮುಗಿಯುವ ಮುಂಚೆಯೇ ಅರ್ಜಿ ಹಾಕಬೇಕು ಎಂದು ಅವರು ಹೇಳುತ್ತಿದ್ದರು.

ರಾಜಾಜಿನಗರ ರಾಯರು

ಸರಿಯಾದ ಮಾತು. ಆದರೆ ಡಯಾಲಿಸಿಸ್ ನಡೆಯುತ್ತಿರುವವರ ಅರ್ಜಿಯನ್ನು ವಿಮಾ ಕಂಪನಿ ತನ್ನ ನಿಯಮಗಳಂತೆ ಪರಿಶೀಲಿಸುತ್ತದೆ. ಕಂತು ಹೆಚ್ಚಿಸಬಹುದು, ಷರತ್ತು ಹಾಕಬಹುದು. ಆಗಿಯೇ ಆಗುತ್ತದೆ ಎಂದು ನಂಬಿ ಕೂರಬೇಡಿ. ಪತ್ರ ಕೊಡುವುದಕ್ಕೆ ಮೊದಲೇ ವಿಮಾ ಕಂಪನಿಗೆ ಬರೆದು ಕೇಳಿ. 60 ದಿನಗಳ ನೋಟಿಸ್ ಅವಧಿ ನಿಮಗೆ ಬೇಕಾಗಿರುವುದು ಗ್ರಾಚ್ಯುಟಿಗಿಂತ ಹೆಚ್ಚಾಗಿ ಇದಕ್ಕೆ. ಇನ್ನೊಂದು, ನಿಮ್ಮ ಹೆಂಡತಿಯವರ ಶಾಲೆಯಲ್ಲಿ ಗುಂಪು ವಿಮೆ ಇದೆಯೇ ವಿಚಾರಿಸಿ. ಅತ್ತೆಯನ್ನು ಸೇರಿಸಲು ಕೆಲವು ಕಡೆ ಅವಕಾಶವಿರುತ್ತದೆ.

ಬ್ಯಾಂಕಿನವಳು

ವಿಮೆಯ ವಿಷಯ ಇಷ್ಟು ಗಂಭೀರವಾಗಿದ್ದರೆ ನಾನು ಹಿಂದೆ ಹೇಳಿದ್ದನ್ನೇ ಮತ್ತೆ ಹೇಳುತ್ತೇನೆ. ಹೊಸ ಕೆಲಸ ಸಿಗುವವರೆಗಾದರೂ ನೀವೊಬ್ಬರೇ ಪುಣೆಗೆ ಹೋಗಿ, ಹದಿನೈದು ದಿನಕ್ಕೊಮ್ಮೆ ಬನ್ನಿ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಲ್ಲಿರುತ್ತೀರಿ. ಅಷ್ಟರೊಳಗೆ ಇಲ್ಲಿ ಕೆಲಸ ಹುಡುಕಿಕೊಳ್ಳಬಹುದು, ವಿಮೆಯೂ ಮುಂದುವರಿಯುತ್ತದೆ.

ಕೆಂಗೇರಿ ಗೃಹಿಣಿ

ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು ಅಕ್ಕಾ? ಆ ತಾಯಿ, ಎಸ್ಸೆಸ್ಸೆಲ್ಸಿ ಓದುವ ಹುಡುಗಿ, ಶಾಲೆಯ ಕೆಲಸ ಎಲ್ಲವೂ ಆ ಸೊಸೆಯ ತಲೆಯ ಮೇಲೆ ಬೀಳುತ್ತದೆ.

ಬ್ಯಾಂಕಿನವಳು

ಅದನ್ನೂ ಒಪ್ಪುತ್ತೇನೆ. ಆದರೂ ಸಂಬಳ ನಿಂತ ಮನೆಯ ಭಾರವೂ ಅದೇ ಸೊಸೆಯ ಮೇಲೆಯೇ ಬೀಳುತ್ತದೆ. ನಾನಿದ್ದರೆ ಹೋಗುತ್ತಿದ್ದೆ.

ಬಸವನಗುಡಿ ಲೆಕ್ಕಿಗ

ಬೆಳಿಗ್ಗೆ ಮೇಲಧಿಕಾರಿಯ ಹತ್ತಿರ ಮಾತಾಡಿದೆ. ಬೇಸರಪಟ್ಟುಕೊಂಡರು, ಆದರೆ ಗದರಲಿಲ್ಲ. ಹಸ್ತಾಂತರಕ್ಕೆ ಇಲ್ಲಿ ಒಬ್ಬರು ಬೇಕೇ ಬೇಕು, ಬೆಂಗಳೂರಿನಲ್ಲೇ ನೋಟಿಸ್ ಮುಗಿಸಲು ತಾವು ಶಿಫಾರಸು ಮಾಡುತ್ತೇವೆ ಎಂದರು. ಸಿಬ್ಬಂದಿ ವಿಭಾಗ ಒಪ್ಪಬೇಕಷ್ಟೇ. ಪತ್ರವನ್ನು ಸದ್ಯಕ್ಕೆ ಕೊಟ್ಟಿಲ್ಲ. ವಿಮಾ ಕಂಪನಿಗೆ ಬರೆದಿದ್ದೇನೆ, ಹೆಂಡತಿ ಶಾಲೆಯಲ್ಲಿ ವಿಚಾರಿಸುತ್ತಿದ್ದಾಳೆ. ಉತ್ತರ ಬರಲಿ ಬಾರದಿರಲಿ, 17ಕ್ಕೆ ಮೊದಲು ಪತ್ರ ಕೊಡುತ್ತೇನೆ. ರಾಯರ ಕರಡನ್ನೇ ಬಳಸುತ್ತೇನೆ.

ರಾಜಾಜಿನಗರ ರಾಯರು

ಒಳ್ಳೆಯದು. ಅವರು ಶಿಫಾರಸು ಮಾಡುತ್ತೇನೆ ಎಂದದ್ದನ್ನು ಒಂದು ಸಣ್ಣ ಇಮೇಲ್‌ನಲ್ಲಿ ನೆನಪಿಸಿ ಇಟ್ಟುಕೊಳ್ಳಿ, "ಇಂದು ಬೆಳಿಗ್ಗೆ ಮಾತಾಡಿದಂತೆ" ಎಂದು ಶುರುವಾಗಲಿ. ಭವಿಷ್ಯ ನಿಧಿಯನ್ನು ತೆಗೆಯಬೇಡಿ, ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಿ. ಹತ್ತು ವರ್ಷ ತುಂಬಿದರೆ ಪಿಂಚಣಿಯ ಹಕ್ಕು ಬರುತ್ತದೆ, ನೀವು ಆರೂವರೆ ದಾಟುತ್ತಿದ್ದೀರಿ. ಹೊರಬಿದ್ದ ದಿನಾಂಕವನ್ನು ಕಂಪನಿಯವರು ಭವಿಷ್ಯ ನಿಧಿಯ ಖಾತೆಯಲ್ಲಿ ನಮೂದಿಸಿದ್ದಾರೆಯೇ ಎಂದು ನೋಡಿಕೊಳ್ಳಿ. ಅದು ಖಾಲಿ ಇದ್ದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ.

ಹೆಬ್ಬಾಳದ ಅನಿತಾ

ರಾಯರೇ, ಇದೇ ಚರ್ಚೆಯಲ್ಲಿ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮ ಯಜಮಾನರಿಗೂ ಹೈದರಾಬಾದಿಗೆ ವರ್ಗಾವಣೆ ಬಂದಿದೆ. ಅವರ ಸೇವೆ ಮೂರು ವರ್ಷ. ಸ್ಥಳಾಂತರದ ಮುಂಗಡ ಹಣ ಈಗಾಗಲೇ ಖಾತೆಗೆ ಬಂದುಬಿಟ್ಟಿದೆ, ನಾವು ಕೇಳಿರಲಿಲ್ಲ. ಈಗ ಏನು ಮಾಡುವುದು?

ರಾಜಾಜಿನಗರ ರಾಯರು

ತಾಯಿ, ಕಾಯಂ ನೌಕರರಾದರೆ ಮೂರು ವರ್ಷಕ್ಕೆ ಗ್ರಾಚ್ಯುಟಿ ಬರುವುದಿಲ್ಲ. ಹಣವನ್ನು ಮುಟ್ಟದೆ, ಯಾವ ಖಾತೆಗೆ ವಾಪಸ್ ಕಳಿಸಬೇಕೆಂದು ಇಂದೇ ಲಿಖಿತವಾಗಿ ಕೇಳಿಸಿ. ಹಾಜರಾಗಬೇಕಾದ ದಿನ ಯಾವುದು, ನೋಟಿಸ್ ಅವಧಿ ಎಷ್ಟು, ಅದನ್ನು ಹೇಳಿ. ಮಿಕ್ಕಿದ್ದು ಅದರ ಮೇಲೆ ನಿಂತಿದೆ.